ಎಕ್ಸ್ ಒತ್ತಿದ ಬೆರಳು

ಶಿಡ್ಲಘಟ್ಟದ ಆ ಸ್ಟುಡಿಯೊದಲ್ಲಿ ತನುಜಳಷ್ಟು ಬೇಗ ಫೋಟೊ ವಿಂಗಡಿಸುವವರು ಇನ್ನೊಬ್ಬರಿರಲಿಲ್ಲ. ಒಂದು ಮದುವೆಗೆ ಎರಡು ಸಾವಿರ ಫೋಟೊ. ಕ್ಯಾಪ್ಸ್ ಲಾಕ್ ಹಾಕಿಬಿಟ್ಟರೆ, ಒಂದು ಕೀ ಒತ್ತಿದ ಕೂಡಲೇ ಕಂಪ್ಯೂಟರ್ ತಾನೇ ಮುಂದಿನ ಫೋಟೊಗೆ ಹೋಗುತ್ತಿತ್ತು. ಆಲ್ಬಮ್ಮಿಗೆ ಬೇಕಾದದ್ದಕ್ಕೆ ಪಿ, ಬೇಡದ್ದಕ್ಕೆ ಎಕ್ಸ್, ಒಂದರಿಂದ ಐದರ ತನಕ ನಕ್ಷತ್ರ. ಮಾಲೀಕ ಮೋಹನ್‌ಬಾಬು ಮೊದಲ ದಿನವೇ ಲೆಕ್ಕ ಹೇಳಿಕೊಟ್ಟಿದ್ದ: "ಯಜಮಾನ್ರ ಮನೆಯೋರಿಗೆ ಐದು, ನೆಂಟರಿಗೆ ಮೂರು. ತಮಟೆಯೋರು, ಎಲೆ ಎತ್ತೋರು, ಅಂಗಳದಾಚೆ ನಿಂತೋರು ಎಲ್ಲಾ ಎಕ್ಸ್. ಯೋಚ್ನೆ ಮಾಡ್ಬೇಡಮ್ಮ, ಒತ್ಕೊಂಡು ಹೋಗು."

ಎರಡು ವರ್ಷ ಹಾಗೇ ಒತ್ತಿಕೊಂಡು ಬಂದಿದ್ದಳು. ಯಾರು ಆಚೆ ನಿಂತವರೆಂದು ಅವಳ ಬೆರಳಿಗೇ ಗೊತ್ತಾಗುತ್ತಿತ್ತು.

ಈ ಮದುವೆ ಮೇಲೂರಿನ ರಾಮಾಂಜಿನಪ್ಪನ ಮಗಳದು. ಊಟದ ಪಂಕ್ತಿ ಬಂತು. ಎಕ್ಸ್, ಎಕ್ಸ್, ಎಕ್ಸ್. ನಾಲ್ಕನೆಯದಕ್ಕೂ ಎಕ್ಸ್ ಒತ್ತಿದ ಮೇಲೆ ಆ ಮುಖದ ಗುರುತು ಹತ್ತಿತು. ಎಡ ಬಾಣದ ಕೀ ಒತ್ತಿ ಹಿಂದಕ್ಕೆ ಹೋದಳು.

ಅವಳ ಚಿಕ್ಕಪ್ಪ ಮುನೇಶ್. ಕೈಯಲ್ಲಿ ಬಾಳೆಎಲೆ. ಪಂಕ್ತಿಯಲ್ಲಿ ಕೂರಲು ಬಗ್ಗಿದವನ ಕೊರಳಪಟ್ಟಿ ಹಿಡಿದು ರಾಮಾಂಜಿನಪ್ಪನ ತಮ್ಮ ಎಳೆಯುತ್ತಿದ್ದ. ಮುಂದಿನದರಲ್ಲಿ ಎಲೆ ನೆಲಕ್ಕೆ, ಆಮೇಲಿನದರಲ್ಲಿ ಚಿಕ್ಕಪ್ಪನ ಕೆನ್ನೆಗೆ ಏಟು. ಒಟ್ಟು ಆರು ಫೋಟೊ. ಚಿಕ್ಕಪ್ಪ ದೂರು ಕೊಡಲು ಹೋದಾಗ ಠಾಣೆಯಲ್ಲಿ ನಕ್ಕಿದ್ದರು: "ಸಾಕ್ಷಿ ತಗೊಂಡ್ಬಾರಪ್ಪ."

ಸಾಕ್ಷಿಗೆ ಅವಳ ಬೆರಳೇ ಎಕ್ಸ್ ಒತ್ತಿತ್ತು.

ಯು ಒತ್ತಿ ಗುರುತು ಅಳಿಸಬೇಕೆನ್ನುವಷ್ಟರಲ್ಲಿ ಮೋಹನ್‌ಬಾಬು ಬೆನ್ನ ಹಿಂದೆ ಬಂದು ನಿಂತಿದ್ದ. ಕಿವಿಯಲ್ಲಿ ಫೋನು, ಆ ಕಡೆ ರಾಮಾಂಜಿನಪ್ಪ.

"ಇವೇ ಅಣ್ಣಾ, ಸಿಕ್ಬಿಟ್ವು. ಕ್ಯಾಮೆರಾ ಕಾರ್ಡ್ ಆಗ್ಲೇ ಫಾರ್ಮ್ಯಾಟ್ ಮಾಡಿ ಖಾಲಿ ಮಾಡಿದೀನಿ, ಇನ್ನಿರೋದು ಈ ಕಂಪ್ಯೂಟರಲ್ಲಿ ಮಾತ್ರ." ಅವಳತ್ತ ಬಾಗಿದ. "ಆರಕ್ಕೂ ಎಕ್ಸ್ ಒತ್ತಮ್ಮ. ಎಲ್ಲಾ ಎಕ್ಸ್ ಒಟ್ಟಿಗೆ ಅಳ್ಸಿಬಿಡು. ನಿಮ್ ಚಿಕ್ಕಪ್ಪಂಗೂ ಒಳ್ಳೇದು, ಊರಲ್ಲಿ ಬಾಳ್ಬೇಕಲ್ವಾ?"

ಆರಕ್ಕೂ ಒತ್ತಿದಳು. ಕಂಟ್ರೋಲ್, ಬ್ಯಾಕ್‌ಸ್ಪೇಸ್. ಎಕ್ಸ್ ಬಿದ್ದವೆಲ್ಲ ಸಾಲಾಗಿ ನಿಂತವು. ಮೇಲೆ ಒಂದು ಪ್ರಶ್ನೆ. ‘ಡಿಲೀಟ್ ಫ್ರಮ್ ಡಿಸ್ಕ್’ ಎಂದರೆ ಫೈಲೇ ಕಸದ ಬುಟ್ಟಿಗೆ. ‘ರಿಮೂವ್’ ಎಂದರೆ ಈ ಪಟ್ಟಿಯಿಂದ ಮಾತ್ರ ಹೋಗುತ್ತದೆ. ಫೈಲು ಫೋಲ್ಡರಿನಲ್ಲಿ ಹಾಗೇ ಇರುತ್ತದೆ. ಮೋಹನ್‌ಬಾಬು ಈ ಪ್ರಶ್ನೆಯನ್ನು ಎಂದೂ ಓದಿದವನಲ್ಲ. ಅಳಿಸುವ ಕೆಲಸ ಯಾವತ್ತೂ ಅವಳದ್ದೇ.

ರಿಮೂವ್ ಒತ್ತಿದಳು. ಪರದೆಯಿಂದ ಚಿಕ್ಕಪ್ಪ ಮಾಯವಾದ.

"ಕ್ಲೀನ್ ಅಣ್ಣಾ, ಒಂದೂ ಇಲ್ಲ," ಎನ್ನುತ್ತ ಮೋಹನ್‌ಬಾಬು ಟೀ ಕುಡಿಯಲು ಹೊರಟ.

ಫೋಲ್ಡರ್ ತೆರೆದು ಆರನ್ನೂ ಸಿಡಿಗೆ ಬರೆದಳು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಪ್ಪನ ಕೈಗಿಟ್ಟಾಗ ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾರು ಕೊಟ್ರು ಅಂತ ಕೇಳ್ತಾರೆ ಕಣಮ್ಮ. ಅಲ್ಲಿ ಫೋಟೊ ಆರ್ಸೋಳು ನೀನೊಬ್ಳೇ. ಕೆಲ್ಸ ಹೋಗ್ತದೆ."

"ಹೋಗ್ಲಿ. ಮೊದ್ಲು ಎಕ್ಸ್ ಒತ್ತಿದ್ದೂ ನಾನೇ ಚಿಕ್ಕಪ್ಪ. ನೋಡ್ದೇನೇ ಒತ್ಬಿಟ್ಟೆ," ಎಂದಳು. "ಠಾಣೇಲಿ ಕೇಳಿದ್ರೆ ನನ್ ಹೆಸ್ರೇ ಹೇಳು."