ಬೈರಮ್ಮನ ರಾಗಿಗೆ ನಾನು ಬರೆದದ್ದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಒಬ್ಬ ಗಿರಾಕಿಯ ಮೆಸೇಜು ಬಂದಾಗಲೂ ಮೊದಲು ಬೈದುಕೊಂಡೆ. ‘ಬೈರಮ್ಮನವರ ಸಾವಯವ ರಾಗಿ ಹಿಟ್ಟು ಅಂತ ಹಾಕಿದ್ದೀರಿ. ಪ್ರಮಾಣಪತ್ರದ ನಂಬರನ್ನು ವೆಬ್‌ಸೈಟಿನಲ್ಲಿ ಹುಡುಕಿದೆ. ಐದು ಜನ ರೈತರ ಹೆಸರಿದೆ, ಬೈರಮ್ಮ ಇಲ್ಲವಲ್ಲ?’

ನಮ್ಮೂರು ಕಲ್ಯದ ರೈತರ ಗುಂಪಿನ ರಾಗಿ ಹಿಟ್ಟನ್ನು ಆನ್‌ಲೈನಿನಲ್ಲಿ ಮಾರಾಟಕ್ಕೆ ಇಡುವವಳು ನಾನು, ಕವನ. ಗುಂಪಿನ ಐವರು ಒಬ್ಬರ ಹೊಲ ಒಬ್ಬರು ಪರಿಶೀಲಿಸಿ ಪಿಜಿಎಸ್ ಸಾವಯವ ಪ್ರಮಾಣಪತ್ರ ಪಡೆದಿದ್ದಾರೆ. ಅವರ ರಾಗಿ ಮುಗಿದಾಗ, ಗುಂಪಿಗೆ ಸೇರದ ಬೈರಮ್ಮನ ರಾಗಿ ಬೀಸಿಸಿ, ಅದೇ ನಂಬರ್ ಹಾಕಿ, ‘ನೈಸರ್ಗಿಕ’ ಅಂತಲೂ ಸೇರಿಸಿದ್ದೆ. ಆ ಮನೆಗೆ ಯೂರಿಯಾ ಚೀಲ ಬಂದದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಇನ್ನೇನು ಕೇಳುವುದು ಅಂದುಕೊಂಡಿದ್ದೆ, ನನ್ನ ತಲೆ.

ಮಾರಾಟ ನಿಲ್ಲಿಸಿ, ಗುಂಪಿನ ಬಸವಕುಮಾರಣ್ಣನನ್ನು ಕರೆದುಕೊಂಡು ಬೈರಮ್ಮನ ಹೊಲಕ್ಕೆ ಹೋದೆ. ಪರಿಶೀಲಿಸಿ ಅವಳ ಹೆಸರನ್ನೂ ಸೇರಿಸಿಬಿಟ್ಟರೆ ಮುಗಿಯಿತು ಎಂಬ ಲೆಕ್ಕ ನನ್ನದು. ಅಣ್ಣ ಗೊಬ್ಬರದ ಬಗ್ಗೆ ಕೇಳಿದ, ಕಳೆಯ ಬಗ್ಗೆ ಕೇಳಿದ. ಬೈರಮ್ಮ ಎಲ್ಲಕ್ಕೂ ಹೆಮ್ಮೆಯಿಂದ ಉತ್ತರ ಕೊಟ್ಟಳು.

“ಬಿತ್ತನೆ ಬೀಜ ಎಲ್ಲೀದಕ್ಕ?”

“ಅಂಗಡೀದು ಕಣಪ್ಪ. ಗುಲಾಬಿ ಪುಡಿ ಹತ್ತಿತ್ತು, ಔಸ್ದಿ ಅಂದ್ರು. ಒಸಿ ತೊಳ್ದು ಬಿತ್ತಿದೆ.”

ಅಣ್ಣ ಬರೆಯುವುದನ್ನು ನಿಲ್ಲಿಸಿದ. “ಔಸ್ದಿ ಹಚ್ಚಿದ್ ಬೀಜ ಸಾವಯವಕ್ಕೆ ಆಗಕ್ಕಿಲ್ಲಕ್ಕ. ಈಗ ಗುಂಪಿಗೆ ಸೇರ್ಕಂಡ್ರೂ ಪರಿವರ್ತನೆಗೆ ಅಂತ ಟೈಮ್ ಹಿಡೀತದೆ. ಅದು ಮುಗ್ದು ಪ್ರಮಾಣಪತ್ರ ಬರೋಗಂಟ ಸಾವಯವ ಅಂತ ಮಾರಂಗಿಲ್ಲ.”

ಬೈರಮ್ಮ ಬದುವಿನ ಮೇಲೆ ಕೂತುಬಿಟ್ಟಳು. “ಹಂಗಾರೆ ಅಷ್ಟ್ ಜನಕ್ಕೆ ನಾನು ಸುಳ್ಳು ಹೇಳ್ದಂಗಾಯ್ತಾ ಕವ್ನಾ?”

ಊರಲ್ಲಿ ಒಂದು ಮಾತಿಗೂ ತಪ್ಪದವಳು. ಅವಳ ಹೆಸರಿಗೆ ಮಸಿ ಬಳಿದವಳು ನಾನು. “ನೀವಲ್ಲಕ್ಕ. ಕೇಳ್ದೆ ಬರ್ದೋಳು ನಾನು,” ಅಂದೆ.

“ತಿಂದೋರ್ಗೆ ಹೇಳ್ಬೇಕು.”

ನಲವತ್ತೊಂದು ಜನ ಕೊಂಡಿದ್ದರು. ಹೊಲದಲ್ಲೇ ಫೋನು ತೆಗೆದು ಬರೆದೆ: ‘ತಾಂತ್ರಿಕ ಕಾರಣದಿಂದ ವಿವರದಲ್ಲಿ ವ್ಯತ್ಯಾಸವಾಗಿದೆ...’ ಓದಿ ಹೇಳು ಅಂದಳು ಬೈರಮ್ಮ. ಓದಿದೆ.

“ಇದ್ರಲ್ಲಿ ಏನಾಯ್ತು ಅಂತ್ಲೇ ಇಲ್ವಲ್ಲೇ.”

ಅಳಿಸಿದೆ. ಈ ಸಲ ಅವಳೇ ಹೇಳಿದಳು, ನಾನು ಬರೆದೆ: ಈ ರಾಗಿಗೆ ಪ್ರಮಾಣಪತ್ರ ಇಲ್ಲ, ಹಾಕಿದ ನಂಬರ್ ಬೇರೆಯವರದು, ಬೀಜಕ್ಕೆ ಔಷಧಿ ಹಚ್ಚಿತ್ತು, ಬೇಡವೆಂದರೆ ಹಿಟ್ಟು ವಾಪಸ್ ಕಳಿಸಿ, ದುಡ್ಡು ಕೊಡುತ್ತೇವೆ. ಕೆಳಗೆ ಗುಂಪಿನ ಹೆಸರು ಹಾಕಲು ಹೋದೆ.

“ಅವ್ರೈದು ಜನ ಏನ್ ಮಾಡವ್ರೆ? ಬೆಳ್ದೋಳು ನಾನು, ಬರ್ದೋಳು ನೀನು. ನಮ್ಮಿಬ್ರ ಹೆಸ್ರು ಹಾಕು.”

ಹಾಕಿದೆ. ಮೊದಲು ಅವಳದು ಬರೆಯುವುದರಲ್ಲಿದ್ದೆ. ತಡೆದು, ನನ್ನದನ್ನು ಮೇಲೆ ಬರೆದೆ.