ಮಗ್ಗಿಗೆ ಸುತ್ತಿದ ಸೇತುವೆ

ನನಗೆ ಆಗ ಇದ್ದದ್ದು ಬಹಳ ಸಣ್ಣ ಚಿಂತೆ. ದಿನಚರಿಯಲ್ಲಿ ಬರೆಯುವುದಕ್ಕೂ ನಾಚಿಕೆಯಾಗುವಷ್ಟು ಸಣ್ಣದು. ನಾನು ಬರೆದ ಚಿತ್ರ ಚೆನ್ನಾಗಿದೆ ಎಂದು ನನಗೇ ಅನ್ನಿಸಿಬಿಟ್ಟಿತ್ತು. ಆದರೆ ಅದು ಕಾಗದದ ಮೇಲೆ ಮಾತ್ರ ಚೆನ್ನಾಗಿರುವ ಚಿತ್ರವಾಗಿದ್ದರೆ?

ಪುತ್ತೂರಿನ ಪೇಟೆಯಿಂದ ಸ್ವಲ್ಪ ಹೊರಗೆ ಒಂದು ಪಿಂಗಾಣಿ ಕಾರ್ಖಾನೆಯಿತ್ತು. ಕಾರ್ಖಾನೆ ಎಂದು ಬೋರ್ಡಿನಲ್ಲಿತ್ತು ಅಷ್ಟೆ. ಹಂಚಿನ ಮಾಡಿನ ಒಂದು ಉದ್ದ ಚಾವಡಿ, ಹಿಂದೆ ಪಾತ್ರೆ ಸುಡುವ ಒಂದು ಆವಿಗೆ. ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಬಂದ ಹುಡುಗಿಯೆಂದು ನನ್ನನ್ನು ಪತ್ರವ್ಯವಹಾರ ನೋಡಿಕೊಳ್ಳಲು ಅಲ್ಲಿ ಸೇರಿಸಿಕೊಂಡಿದ್ದರು. ನಾಲ್ಕು ಜನರ ಎದುರು ಬಾಯಿ ಬಿಡಲಾರದ ನನಗೆ ಶಾಲೆಯ ಕೆಲಸಕ್ಕಿಂತ ಇದು ಹಿತವಾಗಿತ್ತು.

ಅರವತ್ತಮೂರರ ಆ ಬೇಸಿಗೆಯಲ್ಲಿ ನಮ್ಮ ಕಡೆಯ ಹೊಳೆಗೆ ಹೊಸ ಸೇತುವೆ, ನಮ್ಮವರ ಮಾತಿನಲ್ಲಿ ಸಂಕ, ಮುಗಿಯುತ್ತ ಬಂದಿತ್ತು. ಅದುವರೆಗೆ ಮಳೆಗಾಲದಲ್ಲಿ ದೋಣಿಯವನು ಮನಸ್ಸು ಮಾಡಿದರೆ ಮಾತ್ರ ಆಚೆ ದಡ. ಸೇತುವೆ ತೆರೆಯುವ ದಿನ ಬಂದವರಿಗೆಲ್ಲ ನೆನಪಿಗೆ ಚಹಾ ಕುಡಿಯುವ ಒಂದೊಂದು ಪಿಂಗಾಣಿ ಮಗ್ಗು ಕೊಡಬೇಕೆಂದು ಆಚೆ ದಡದ ಪದ್ಮಯ್ಯ ಗೌಡರು ನಮಗೆ ಹೇಳಿದ್ದರು. ಸೇತುವೆ ಸಮಿತಿಗೆ ಅವರೇ ಮುಂದಾಳು. ಮಗ್ಗಿನ ಮೇಲೆ ಏನು ಬರಬೇಕೆಂದು ಅವರು ಹೇಳಿರಲಿಲ್ಲ.

ಬೇರೆ ಏನಿರಬೇಕು? ನಾನು ಸೇತುವೆಯನ್ನೇ ಬರೆದೆ. ಎಡಕ್ಕೆ ನಮ್ಮ ದಡ, ಅಲ್ಲಿ ಬಸ್ಸಿಗೆ ಕಾಯುವ ಹೆಂಗಸರು. ಬಲಕ್ಕೆ ಗೌಡರ ದಡ, ಅಲ್ಲಿ ಖಾಲಿ ದೋಣಿಯನ್ನು ಕವುಚಿ ಹಾಕಿ ಅದರ ಮೇಲೆ ಕುಳಿತ ದೋಣಿಯವನು. ನಡುವೆ ಐದು ಕಂಬಗಳ ಸೇತುವೆ. ಬರೆದದ್ದನ್ನು ಯಾರಿಗೂ ಹೇಳಲಿಲ್ಲ. ನಮಗೆ ಹೂಬಳ್ಳಿಯ ನಮೂನೆಗಳನ್ನು ಮಂಗಳೂರಿನ ಒಬ್ಬ ಚಿತ್ರಗಾರ ಬರೆದು ಕಳಿಸುತ್ತಿದ್ದ. ಆ ನಮೂನೆಗಳ ಕಟ್ಟಿನೊಳಗೆ ನನ್ನದನ್ನೂ ಮೆಲ್ಲನೆ ಸೇರಿಸಿಟ್ಟೆ.

ನಮ್ಮ ಮ್ಯಾನೇಜರು ಮಹೇಶ್ವರ ರಾಯರು ಅದನ್ನು ತೆಗೆದು ನೋಡಿದರು, ದೂರ ಹಿಡಿದು ಮತ್ತೆ ನೋಡಿದರು. ಮಂಗಳೂರಿನವನಿಗೆ ಈ ಸಲ ಒಳ್ಳೆ ಬುದ್ಧಿ ಬಂದಿದೆ ಎಂದರು. ಹೌದು ಎಂದೆ. ಆ ಸಂತೋಷ ಒಳಗೇ ಇರಲಿ, ಸಾಕು ಎಂದುಕೊಂಡೆ.

ಮಗ್ಗಿನ ಮೇಲೆ ಚಿತ್ರ ಬಿಡಿಸುವವಳು ಮರ್ಕಂಜದ ನೀಲಾವತಿ. ಕೆಲಸದ ಕ್ರಮ ಹೀಗೆ: ಚಿತ್ರದ ಗೆರೆಗುಂಟ ಕಾಗದಕ್ಕೆ ಸೂಜಿಯಿಂದ ಒತ್ತೊತ್ತಾಗಿ ತೂತು ಮಾಡಬೇಕು, ಒಮ್ಮೆ ಸುಟ್ಟ ಮಗ್ಗಿಗೆ ಆ ಕಾಗದವನ್ನು ಸುತ್ತಿ ಹಿಡಿದು, ಮಸಿಪುಡಿ ತುಂಬಿದ ಬಟ್ಟೆಯ ಗಂಟಿನಿಂದ ತಟ್ಟಬೇಕು. ಕಾಗದ ತೆಗೆದರೆ ಮಗ್ಗಿನ ಮೇಲೆ ಚುಕ್ಕಿಗಳ ಚಿತ್ರ. ಆ ಚುಕ್ಕಿಯ ದಾರಿಯಲ್ಲಿ ಅವಳು ಕುಂಚ ನಡೆಸುತ್ತಾಳೆ. ಬಣ್ಣ ಹಚ್ಚುವಾಗ ಬೂದುಗಪ್ಪು. ಮೇಲೆ ಗ್ಲೇಜು ಎಂಬ ಗಾಜಿನಂಥ ಲೇಪ ಕೊಟ್ಟು ಎರಡನೆಯ ಸಲ ಸುಟ್ಟಾಗ ಮಸಿಚುಕ್ಕಿ ಉರಿದು ಹೋಗಿ ಗೆರೆ ಮಾತ್ರ ಕಡುನೀಲಿಯಾಗಿ ಏಳುತ್ತದೆ.

ಮೊದಲ ಮಾದರಿ ಆವಿಗೆಯಿಂದ ಬಂದಾಗ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಮಗ್ಗಿನ ಹಿಡಿಯ ಪಕ್ಕದಿಂದ ನಮ್ಮ ದಡ ಸರಿಯಾಗಿಯೇ ಹೊರಟಿತ್ತು. ಎರಡು ಕಂಬ ದಾಟುವಾಗ ಸೇತುವೆ ಏರತೊಡಗಿತ್ತು. ನಾಲ್ಕನೆಯದು ಹೊಳೆಯ ನೀರನ್ನೂ ಎಳೆದುಕೊಂಡು ಮೇಲೆ ಹೋಗಿತ್ತು. ಐದನೆಯ ಕಂಬ ಹಿಡಿಯ ಅಡಿಗೆ ಸಿಕ್ಕಿತ್ತು. ಅಲ್ಲಿಗೆ ಕುಂಚ ಹೋಗುವುದಿಲ್ಲವಾದ್ದರಿಂದ ನೀಲಾವತಿ ಅದನ್ನು ಬಿಟ್ಟಿದ್ದಳು. ಗೌಡರ ದಡಕ್ಕೆ ಜಾಗವೇ ಇರಲಿಲ್ಲ. ದೋಣಿಯವನು ಇರಲಿಲ್ಲ.

ಚಾವಡಿಯಲ್ಲಿ ನಗು ಎದ್ದಿತು. ಇದನ್ನು ಕೊಟ್ಟರೆ ಗೌಡರು ನಮ್ಮನ್ನೇ ಹೊಳೆಗೆ ತಳ್ಳುತ್ತಾರೆ ಎಂದರು ರಾಯರು. ಗುರುವಾರ ಪದ್ಮಯ್ಯ ಗೌಡರು ಮಾದರಿ ನೋಡಲು ಬರುವವರಿದ್ದರು. ಮಂಗಳೂರಿನವನಿಗೆ ಮಗ್ಗೆಂದರೆ ಎಂತ ಅಂತ ಗೊತ್ತಿಲ್ಲ, ಹಳೆಯ ಹೂಬಳ್ಳಿಯನ್ನೇ ಹಾಕಿ ಎಂದು ಹೇಳಿ ರಾಯರು ಒಳಗೆ ಹೋದರು.

ತಪ್ಪು ನೀಲಾವತಿಯದಲ್ಲ. ಉದ್ದವನ್ನು ಅಳೆದದ್ದು ನಾನು. ಮಗ್ಗಿನ ಬಾಯಿಗೆ ನೂಲು ಸುತ್ತಿ, ಅದರಷ್ಟೇ ಉದ್ದದ ನೇರ ಪಟ್ಟಿಯಲ್ಲಿ ಬರೆದಿದ್ದೆ. ಬಾಯಿ ಅಗಲ, ಬುಡ ಸಪೂರ. ಹೊಟ್ಟೆಯ ಹತ್ತಿರ ಅಷ್ಟು ಉದ್ದ ಎಲ್ಲಿಂದ ಬರಬೇಕು? ಹಿಡಿ ನುಂಗುವ ಜಾಗವನ್ನೂ ಕಳೆದಿರಲಿಲ್ಲ. ಆದರೆ ಸೇತುವೆ ಏರಿದ್ದು ಯಾಕೆ ಎಂಬುದು ಮಾತ್ರ ಹೊಳೆಯಲಿಲ್ಲ. ಬುಧವಾರ ಊಟದ ಹೊತ್ತಿಗೆ ನೀಲಾವತಿಯ ಮೇಜಿನ ಎದುರು ಸುಮ್ಮನೆ ಕುಳಿತಿದ್ದೆ.

ಅವಳ ಮೇಜಿನಲ್ಲಿ ಒಂದು ಗಾಯದ ಮಗ್ಗಿತ್ತು. ಮೊದಲ ಸುಡುವಿಕೆಯಲ್ಲಿ ಹಿಡಿ ಕಳಚಿ ಬಿದ್ದು, ಮೇಲೊಂದು ಕೆಳಗೊಂದು ಎರಡು ಮೊಟಕು ಬುಡಗಳು ಮಾತ್ರ ಉಳಿದಿದ್ದವು. ಮಸಿಪುಡಿ ತಟ್ಟಿ ಪರೀಕ್ಷೆ ಮಾಡಲು ಅವಳು ಅದನ್ನು ಇಟ್ಟುಕೊಂಡಿದ್ದಳು, ಮೈಯೆಲ್ಲ ಕಪ್ಪು. ನನ್ನ ಮೊಣಕೈ ತಾಗಿ ಅದು ಮಗುಚಿ, ಹಾಸಿದ ಹಳೆ ಪತ್ರಿಕೆಯ ಮೇಲೆ ಉರುಳಿತು. ನೇರ ಉರುಳಲಿಲ್ಲ. ಬುಡವನ್ನು ಒಳಗೆ ಮಾಡಿ, ಬಾಯಿಯನ್ನು ಹೊರಗೆ ಮಾಡಿ, ಸುತ್ತು ಹೊಡೆಯುತ್ತ ಹೋಗಿ ಟಕ್ಕೆಂದು ನಿಂತಿತು. ಹಿಡಿಯ ಬುಡ ಮೇಜಿಗೆ ತಾಗಿತ್ತು.

ಪತ್ರಿಕೆಯ ಮೇಲೆ ಮಸಿಯ ಗುರುತು ಉಳಿದಿತ್ತು. ಬಾಗಿದ ಪಟ್ಟಿ, ಬೀಸಣಿಗೆಯ ಹಾಗೆ.

ನಾನು ಆ ಮಗ್ಗನ್ನು ಎತ್ತಿ, ಮತ್ತೆ ಮಸಿ ತಟ್ಟಿ, ಬೇರೆ ಕಾಗದ ಹಾಸಿ, ಹಿಡಿಯ ಬುಡದ ಒಂದು ಬದಿಯಿಂದ ಉರುಳಿಸಲು ಶುರುಮಾಡಿದೆ. ಇನ್ನೊಂದು ಬದಿಯಲ್ಲಿ ಟಕ್ಕೆಂದಿತು. ಈ ಟಕ್ಕಿನಿಂದ ಆ ಟಕ್ಕಿನವರೆಗೆ ಬಿದ್ದ ಗುರುತೇ ಮಗ್ಗಿನ ನಿಜವಾದ ಮೈ. ಬಟ್ಟೆ ಬಿಚ್ಚಿ ಹಾಸಿದ ಹಾಗೆ ಅದು ಬಿಚ್ಚಿಕೊಂಡಿತ್ತು. ನನ್ನ ನೇರ ಪಟ್ಟಿ ಅದಕ್ಕೆ ಹೊಂದದೆ ಏರಿ ಹೋಗಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಅಚ್ಚಿನಲ್ಲಿ ಹಸಿಮಣ್ಣಿನ ಮಗ್ಗು ತೆಗೆಯುವ ಡೊಂಬಯ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು, ಹಸಿ ಮಗ್ಗಿನಲ್ಲಿ ಮಾತ್ರ ಅಳತೆ ತೆಗೆಯಬೇಡಿ ಅಕ್ಕ, ಸುಟ್ಟಾಗ ಕುಗ್ಗುತ್ತದೆ ಎಂದು ಎಚ್ಚರಿಸಿದ. ಇದು ಸುಟ್ಟದ್ದೇ ಎಂದು ನಾನು ಅವನಿಗೆ ತೋರಿಸಿದೆ. ನಾನೇನು ಮಾಡುತ್ತಿದ್ದೇನೆಂದು ಅವನಿಗೆ ಅರ್ಥವಾಯಿತೋ ಇಲ್ಲವೋ, ಒಳ್ಳೆಯ ಮಗ್ಗೊಂದನ್ನು ಒರೆಸಿ ನನ್ನ ಹತ್ತಿರ ಇಟ್ಟು ಹೋದ.

ಆ ಮಧ್ಯಾಹ್ನ ಚಿತ್ರವನ್ನು ಮೊದಲಿನಿಂದ ಬರೆದೆ. ಎರಡು ತುದಿಯಲ್ಲೂ ಬೆರಳಗಲ ಬಿಟ್ಟೆ. ಹಿಡಿಯ ಪಕ್ಕದಲ್ಲಿ ಕುಂಚ ಆಡಬೇಕು, ಗ್ಲೇಜು ಅಲ್ಲಿ ದಪ್ಪಗೆ ನಿಂತರೂ ಗೆರೆ ಕದಡಬಾರದು. ಮೂರನೆಯ ಕಂಬವನ್ನು ಹಿಡಿಗೆ ನೇರ ಎದುರು ಬದಿಗೆ ತಂದೆ. ಎರಡು ದಡಗಳ ರಸ್ತೆಯೂ ಹಿಡಿಯ ಎರಡು ಪಕ್ಕಕ್ಕೆ ಬಂದು ನಿಂತಿತು. ಚಿತ್ರ ಎಲ್ಲಾದರೂ ತುಂಡಾಗಲೇಬೇಕಲ್ಲ, ಆ ತುಂಡು ನೆಲದ ಮೇಲಾಗಲಿ, ನೀರಿನ ಮೇಲೆ ಬೇಡ. ಕಂಬಗಳನ್ನು ನೆಟ್ಟಗೆ ಬರೆಯಲಿಲ್ಲ, ಬೀಸಣಿಗೆಯ ಕಡ್ಡಿಗಳಂತೆ ಮೇಲೆ ಹೋಗುತ್ತ ಅಗಲಿಸಿದೆ.

ರಾಯರು ಹಾದುಹೋಗುವಾಗ ಬಗ್ಗಿ ನೋಡಿ, ಇದೆಂತ, ಸಂಕ ಕಾಮನಬಿಲ್ಲಿನ ಹಾಗೆ ಬಗ್ಗಿದೆಯಲ್ಲ ಎಂದರು. ಮಂಗಳೂರಿನಿಂದ ಬೇರೆ ಪ್ರತಿ ಬಂತು ಎಂದು ನೀಲಾವತಿಯೇ ಹೇಳಿಬಿಟ್ಟಳು. ಅವರು ಅತ್ತ ಹೋದ ಮೇಲೆ ನನ್ನ ಕಡೆ ತಿರುಗಿ, ಮೆಲ್ಲನೆ ಹೇಳಿದಳು.

"ನಿಮ್ಮ ಮಂಗಳೂರಿನವ ಭಾರೀ ಚುರುಕು ಮಾರಾಯ್ರೆ. ಟಪಾಲು ಬರುವ ಮೊದಲೇ ಅವನ ಚಿತ್ರ ಬರ್ತದೆ. ಬೆರಳಿನಲ್ಲಿ ಮಸಿ ಬೇರೆ."

ನಾನು ಬೆರಳು ಸೆರಗಿನಲ್ಲಿ ಅಡಗಿಸಿದೆ. ಅವಳು ಕಾಗದ ತೆಗೆದುಕೊಂಡು ಸೂಜಿ ಹಿಡಿದಳು.

ಸುಡುವುದಕ್ಕೆ ಸಮಯವಿರಲಿಲ್ಲ. ಗುರುವಾರ ಬೆಳಿಗ್ಗೆ ಗೌಡರು ಬಂದಾಗ ಮೇಜಿನ ಮೇಲಿದ್ದದ್ದು ಬಣ್ಣ ಹಚ್ಚಿ ಒಣಗಿದ ಮಗ್ಗು, ಗೆರೆಯೆಲ್ಲ ಬೂದಿ ಬಣ್ಣ. ರಾಯರು ಮೊದಲು ಹೂಬಳ್ಳಿಯದನ್ನು ಮುಂದಿಟ್ಟರು. ಗೌಡರು ಅದನ್ನು ನೋಡಲೇ ಇಲ್ಲ. ನನ್ನ ಮಗ್ಗನ್ನು ಬಲಗೈಯಲ್ಲಿ ಎತ್ತಿದರು. ಹಿಡಿ ಬಲಕ್ಕಿದ್ದಾಗ ಕುಡಿಯುವವರ ಕಣ್ಣಿಗೆ ಬೀಳುವುದು ಚಿತ್ರದ ಬಲ ಅರ್ಧ. ಅವರದೇ ದಡ, ಕವುಚಿದ ದೋಣಿ. ಮಗ್ಗನ್ನು ಮೆಲ್ಲನೆ ತಿರುಗಿಸಿದರು. ಸೇತುವೆ ಒಂದು ಕೂದಲೂ ಏರದೆ, ಇಳಿಯದೆ, ಐದು ಕಂಬಗಳ ಮೇಲೆ ಈಚೆ ದಡಕ್ಕೆ ಬಂತು. ಬಸ್ಸಿಗೆ ಕಾಯುವ ಹೆಂಗಸರು ಬಂದರು. ಆಮೇಲೆ ಹಿಡಿ.

ನನ್ನ ಎದೆಯಲ್ಲಿ ಏನೋ ತುಂಬಿ ಬಂತು. ಅದಕ್ಕೆ ಹೆಮ್ಮೆ ಎಂದು ಹೆಸರಿಡಲು ಅಭ್ಯಾಸವಿರಲಿಲ್ಲ.

ಗೌಡರಿಗೆ ಒಂದೇ ಕೊರತೆ ಕಂಡಿತು. ನಡುವಿನ ಕಂಬ ಹಿಡಿಗೆ ಎದುರು ಇರುವುದೇಕೆ, ಕುಡಿಯುವವನ ಕಣ್ಣೆದುರಿಗೆ ಬರಲಿ, ಇಡೀ ಸಂಕ ಅವನಿಗೆ ಒಮ್ಮೆಗೇ ಕಾಣಲಿ ಎಂದರು. ಚಿತ್ರವನ್ನು ಸ್ವಲ್ಪ ಜಾರಿಸಿದರೆ ಸಾಕಲ್ಲ? ಸಾಕು, ಸಾಕು ಎಂದು ರಾಯರು ತಲೆಯಾಡಿಸಿದರು. ಹಾಗೇ ಮಾಡಿಸುತ್ತೇನೆ ಎಂದರು.

ಬಾಯಿಗಿಂತ ಮೊದಲು ನನ್ನ ಕೈ ಮುಂದೆ ಹೋಯಿತು. ಡೊಂಬಯ್ಯ ಇಟ್ಟಿದ್ದ ಚಿತ್ರವಿಲ್ಲದ ಮಗ್ಗನ್ನು ಅವರ ಎದುರಿಟ್ಟು, ತೂತಿನ ಕಾಗದವನ್ನು ಸುತ್ತಿದೆ. ಮೊದಲು ಇದ್ದ ಹಾಗೆ. ಆಮೇಲೆ ಅವರು ಹೇಳಿದ ಹಾಗೆ ಬಲಕ್ಕೆ ಜಾರಿಸಿದೆ. ಕಾಗದದ ಬಲತುದಿ ಹಿಡಿಗೆ ಬಡಿದು ಮಡಚಿ ಎದ್ದು ನಿಂತಿತು. ಮಡಚಿದ ಭಾಗದಲ್ಲಿ ದೋಣಿ, ದೋಣಿಯವನು, ಕೊನೆಯ ಕಂಬ. ಎಡಗಡೆ ಹಿಡಿಯ ಆಚೆ ಒಂದು ಗೆರೆಯೂ ಇಲ್ಲದ ಬರಿಯ ಬಿಳಿ ಜಾಗ. ನಾನು ಆ ಮಡಚಿದ ತುದಿಯ ಮೇಲೆ ಬೆರಳಿಟ್ಟು ನಿಂತೆ.

ಗೌಡರು ಬಗ್ಗಿ ನೋಡಿದರು. ಆಮೇಲೆ ಅವರ ಮೀಸೆ ಅಲುಗಿತು.

"ಅಂದ್ರೆ ನಮ್ಮ ದಡವೇ ಹೋಯ್ತು. ಸಂಕ ಕಟ್ಟಿಸಿದವ ನಾನು, ಇಳಿಯುದು ಹೊಳೆಗೆ." ಅವರು ನಕ್ಕರು. "ಬೇಡ ಮಾರಾಯ್ರೆ. ಮೊದಲು ಇದ್ದ ಹಾಗೆಯೇ ಇರ್ಲಿ. ನಾನು ಕುಡಿಯುವಾಗ ನನ್ನ ದಡ ನಾನು ನೋಡ್ತೇನೆ, ಎದುರು ಕೂತವ ನಿಮ್ಮ ದಡ ನೋಡ್ಲಿ. ನಡುವಿನ ಸಂಕ ಇಬ್ಬರಿಗೂ ಉಂಟಲ್ಲ."

ರಾಯರ ಮುಖ ಅರಳಿತು. ಹೂಬಳ್ಳಿಯ ಮಗ್ಗನ್ನು ಅವರೇ ಮೇಜಿನಿಂದ ತೆಗೆದು ಕೆಳಗಿಟ್ಟರು. ಗೌಡರು ಎದ್ದು ನಿಂತು, ಹೊರಡುವ ಮೊದಲು ಮತ್ತೊಮ್ಮೆ ಮಗ್ಗನ್ನು ತಿರುಗಿಸಿ ನೋಡಿದರು. ಆ ದೋಣಿಯವನ ಕೂತ ಭಂಗಿ ನಮ್ಮ ದೋಣಿಯವನದೇ, ಅವನನ್ನು ನೋಡಿದವರೇ ಇದನ್ನು ಬರೆದಿರಬೇಕು ಎಂದರು.

"ಯಾರು ಇದನ್ನು ಬರೆದದ್ದು?"

ಮಂಗಳೂರಿನಲ್ಲಿ ನಮ್ಮ ಒಬ್ಬ ಚಿತ್ರಗಾರ ಇದ್ದಾನೆ ಎಂದು ರಾಯರು ಶುರುಮಾಡಿದರು. ಅವನಿಗೊಂದು ಪತ್ರ ಬರೆದು ಗೌಡರು ಮೆಚ್ಚಿದರೆಂದು ತಿಳಿಸುವಂತೆ ನನಗೆ ಹೇಳಿದರು. ನೀಲಾವತಿ ಕುಂಚ ತೊಳೆಯುವುದನ್ನು ನಿಲ್ಲಿಸಿದಳು. ನನ್ನನ್ನೇ ನೋಡಿದಳು.

ಮಗ್ಗು ಇನ್ನೂ ಗೌಡರ ಕೈಯಲ್ಲಿತ್ತು. ನನ್ನ ಕಡೆಗಿದ್ದದ್ದು ಈಚೆಯ ದಡ. ಕಾಯುವ ಹೆಂಗಸರಲ್ಲಿ ಕೊನೆಯವಳು, ಸೆರಗಿನಲ್ಲಿ ಕೈ ಅಡಗಿಸಿಕೊಂಡವಳು, ಹಿಡಿಯ ಹತ್ತಿರ ನಿಂತಿದ್ದಳು. ನಾನು ಸೆರಗಿನಿಂದ ಕೈ ತೆಗೆದೆ.

"ಮಂಗಳೂರಿಗೆ ಬರೆಯುದು ಬೇಡ," ಎಂದೆ. ಅದು ಚಾವಡಿಯ ಕೊನೆಯವರೆಗೆ ಕೇಳಿಸಿತು. "ಇದನ್ನು ಬರೆದದ್ದು ನಾನು."