ಹುಳಿಯಾಗದ ಹೆಂಡ

"ನಿನಗೂ ನೀಯತ್ತಿಲ್ಲ, ನಿನ್ನ ಹೆಂಡಕ್ಕೂ ಇಲ್ಲ ಕಣೋ! ಬೆಳಿಗ್ಗೆ ಸಿಹಿ, ಸಂಜೆ ಹುಳಿ!" ಹೆಂಡದಂಗಡಿ ತುಂಬ ನೆರೆದಿದ್ದ ಗಿರಾಕಿಗಳ ಮುಂದೆ, ಅಂಗಡಿ ನಡೆಸುವ ಭಾವ ಅಬ್ಬರಿಸಿದ.

ಮರ ಹತ್ತಿ ಹೆಂಡ ಇಳಿಸುವ ಬಾಮೈದನಿಗೆ ಮೈಯೆಲ್ಲ ಉರಿಯಿತು. "ಮಡಕೆಗೆ ಬಿದ್ದ ಗಳಿಗೆಯಿಂದ ತಾನಾಗೇ ಹುದುಗು ಬರುತ್ತೆ ಭಾವ. ಕಣ್ಣಿಗೆ ಕಾಣದ ಜೀವಗಳು ಸಿಹಿ ತಿಂದು ಅಮಲು ಮಾಡ್ತವೆ, ಹಿಂದೆಯೇ ಇನ್ನೊಂದು ಜಾತಿಯವು ಬಂದು ಅಮಲನ್ನ ಹುಳಿ ಮಾಡ್ತವೆ. ಅವಕ್ಕೆ ಯಾರು ಬುದ್ಧಿ ಹೇಳೋದು?"

"ನಾನು ಹೇಳಿದ್ದೀನಿ!" ಭಾವ ನಿನ್ನೆಯ ಮಡಕೆ ತೆರೆದ. ಹುಳಿ ಮುಚ್ಚಲು ಸ್ಯಾಕರಿನ್, ಅಮಲೇರಲು ನಿದ್ದೆ ಮಾತ್ರೆಯ ಪುಡಿ ಬೆರೆಸಿದ್ದ. "ಶಿಸ್ತು ಅಂದ್ರೆ ಇದು!" ಎಂದು ಎಲ್ಲರಿಗಿಂತ ಮೊದಲು ತಾನೇ ಲೋಟದ ಮೇಲೆ ಲೋಟ ಏರಿಸಿದ.

ಶಿಸ್ತಿನ ಭಾಷಣದ ನಡುವೆಯೇ ಅವನ ಗದ್ದ ಎದೆಗೆ ಬಿತ್ತು.

"ಅಬ್ಬಾ, ಏನ್ ಪವರ್!" ಗಿರಾಕಿಗಳು ಚಪ್ಪಾಳೆ ತಟ್ಟಿ ಲೋಟ ಚಾಚಿದರು.

ಭಾವನ ಉಸಿರು ತೀರಾ ನಿಧಾನವಾಗಿತ್ತು. ಬಾಮೈದ ಮಡಕೆಯನ್ನು ಒದ್ದು ಉರುಳಿಸಿ, ಅಕ್ಕನ ಗಂಡನನ್ನು ಹೆಗಲಿಗೇರಿಸಿ ಆಸ್ಪತ್ರೆಯತ್ತ ಹೊರಟ.

"ಲೋ, ನಮ್ಮ ಪಾಲು ಚೆಲ್ಲಿ ಎಲ್ಲಿಗೋ?" ಗಿರಾಕಿಗಳು ಹಿಂದಿನಿಂದ ಕೂಗಿದರು.

ಹೆಗಲ ಮೇಲಿಂದ ಭಾವ ತೊದಲಿದ. "ಹುಳಿ... ಆಗ್ಲಿಲ್ಲ... ಅಲ್ವೇನೋ?"

ಬಾಮೈದ ಹೆಗಲ ಮೇಲಿನ ಭಾರ ಸರಿಪಡಿಸಿಕೊಂಡು ಬಿರಬಿರನೆ ನಡೆದ.